ನ್ಯೂಟನ್ ವಿಧಾನದ ಆರ್ಡರ್ 2 ಬರ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೀಗೆ

ನ್ಯೂಮರಿಕಲ್ ಮೆಥಡ್ಸ್ ಅಸೈನ್‌ಮೆಂಟ್‌ನಲ್ಲಿ ಬೈಸೆಕ್ಷನ್, ಸೆಕೆಂಟ್, ನ್ಯೂಟನ್ ಮೂರನ್ನೂ ಮ್ಯಾಟ್‌ಲ್ಯಾಬ್‌ನಲ್ಲಿ ಬರೆದು, ಯಾವುದು ಎಷ್ಟು ಬೇಗ ರೂಟ್‌ಗೆ ಸೇರುತ್ತದೆ ಅಂತ ಹೋಲಿಸಿ ತೋರಿಸಬೇಕು. ಕೋಡ್ ಓಡುತ್ತದೆ, ರೂಟ್ ಕೂಡ ಸರಿಯಾಗೇ ಬರುತ್ತದೆ. ಆದರೆ ಕನ್ವರ್ಜೆನ್ಸ್ ಆರ್ಡರ್ ಲೆಕ್ಕ ಹಾಕಿದಾಗ ನ್ಯೂಟನ್‌ಗೆ 2 ಬರುವ ಬದಲು 1 ಬರುತ್ತದೆ, ಇಲ್ಲವೇ 0.03 ಬರುತ್ತದೆ, ಇಲ್ಲವೇ `NaN`. ಉತ್ತರ ಸರಿಯಿದ್ದೂ ಆರ್ಡರ್ ತಪ್ಪು ಬರುವುದೇ ಇಲ್ಲಿನ ತಲೆನೋವು, ಏಕೆಂದರೆ ಮ್ಯಾಟ್‌ಲ್ಯಾಬ್ ಯಾವ ಎರರ್ ಮೆಸೇಜನ್ನೂ ಕೊಡುವುದಿಲ್ಲ.

ಇದಕ್ಕೆ ಕಾರಣಗಳು ಕೆಲವೇ. ಒಂದೊಂದು ಕಾರಣವೂ ಅಂಕಿಗಳಲ್ಲಿ ತನ್ನದೇ ಗುರುತು ಬಿಡುತ್ತದೆ. ಆದ್ದರಿಂದ ಕೋಡ್ ತಿದ್ದಲು ಹೋಗುವ ಮುಂಚೆ ಅಂಕಿಗಳನ್ನು ನೋಡಿ.

ಮೊದಲು ಸರಿಯಾದದ್ದು ಹೇಗಿರುತ್ತದೆ ನೋಡಿ

ನಿಮ್ಮ ಅಸೈನ್‌ಮೆಂಟ್‌ನ ಫಂಕ್ಷನ್ ಪಕ್ಕಕ್ಕಿಡಿ. ಉತ್ತರ ಗೊತ್ತಿರುವ ಒಂದು ಫಂಕ್ಷನ್ ತೆಗೆದುಕೊಂಡು ನಿಮ್ಮ ಕೋಡ್ ಓಡಿಸಿ. `x^2 - 2` ಸಾಕು, ರೂಟ್ `sqrt(2)`.

```matlab
f  = @(x) x^2 - 2;
fp = @(x) 2*x;
x = 1;
for k = 1:6
    x(end+1) = x(end) - f(x(end))/fp(x(end));
end
r = sqrt(2);
e = abs(x - r);
fprintf('%2d  %.16g  %.3e\n', [0:numel(x)-1; x; e]);
p = log(e(3:end)./e(2:end-1)) ./ log(e(2:end-1)./e(1:end-2))
```

1ರಿಂದ ಶುರು ಮಾಡಿದರೆ ಎರರ್‌ಗಳು 0.414, 0.0858, 0.00245, 2.12e-6, 1.59e-12 ಅಂತ ಇಳಿಯುತ್ತವೆ. ಘಾತಗಳನ್ನು ನೋಡಿ: -3, -6, -12. ಸರಿಯಾದ ಅಂಕಿಗಳ ಸಂಖ್ಯೆ ಪ್ರತಿ ಸಲ ಸುಮಾರು ಎರಡು ಪಟ್ಟಾಗುತ್ತಿದೆ, ಆರ್ಡರ್ 2 ಅಂದರೆ ಇದೇ. ಕೊನೆಯ ಸಾಲಿನ ಸೂತ್ರದಿಂದ `p` ಲೆಕ್ಕ ಹಾಕಿದರೆ 2.26, 1.98, 2.00 ಬರುತ್ತದೆ. ಮೊದಲನೆಯದು ಸ್ವಲ್ಪ ಆಚೀಚೆ ಇರುವುದು ಸಹಜ, ರೂಟ್‌ಗೆ ಇನ್ನೂ ದೂರದಲ್ಲಿದ್ದೀರಿ ಅಷ್ಟೇ.

ಆದರೆ `p` ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ 0.63 ಅಂತಲೋ, `Inf` ಅಂತಲೋ, `NaN` ಅಂತಲೋ ಇರುತ್ತದೆ. ಇಲ್ಲಿ ಕೋಡ್ ತಪ್ಪಿಲ್ಲ. 1.59e-12 ಆದ ಮೇಲೆ ಮುಂದಿನ ಎರರ್ 1e-24 ಆಸುಪಾಸು ಆಗಬೇಕಿತ್ತು, ಆದರೆ ಡಬಲ್ ಪ್ರಿಸಿಷನ್‌ನಲ್ಲಿ 1.414 ಅನ್ನುವ ಸಂಖ್ಯೆಯ ಪಕ್ಕದ ಸಂಖ್ಯೆಯೇ 2.2e-16 ದೂರದಲ್ಲಿದೆ, ಅದಕ್ಕಿಂತ ಸಣ್ಣ ಎರರ್ ತೋರಿಸಲು ಜಾಗವೇ ಇಲ್ಲ. ಹಾಗಾಗಿ ಎರರ್ 2.2e-16 ಆಗುತ್ತದೆ, ಇಲ್ಲವೇ ಸೊನ್ನೆ ಆಗುತ್ತದೆ. ಸೊನ್ನೆಯ ಲಾಗ್ `-Inf`, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ `NaN`. ಬಹಳ ಜನ `p(end)` ತೆಗೆದು ರಿಪೋರ್ಟ್‌ಗೆ ಹಾಕುತ್ತಾರೆ, ಅಲ್ಲಿರುವುದು ಈ ಕಸ. `p` ಲೆಕ್ಕಕ್ಕೆ ಮುಂಚೆ ಒಂದು ಸಾಲು ಸೇರಿಸಿ:

```matlab
e = e(e > 1e-13);
```

ಹೀಗೆ ಮಾಡಿದಾಗ ಉಳಿಯುವುದು ಮೂರೇ ಅಂದಾಜುಗಳು. ಇಷ್ಟು ಕಡಿಮೆಯಾ ಅಂತ ಗಾಬರಿ ಬೇಡ, ನ್ಯೂಟನ್ ಬೇಗ ಮುಗಿಯುವುದರಿಂದ ಡಬಲ್ ಪ್ರಿಸಿಷನ್‌ನಲ್ಲಿ ಸಿಗುವುದೇ ಅಷ್ಟು. ಜಾಸ್ತಿ ಬೇಕೇ ಬೇಕು ಅಂದರೆ, ಸಿಂಬಾಲಿಕ್ ಟೂಲ್‌ಬಾಕ್ಸ್ ಇದ್ದಲ್ಲಿ `digits(200)` ಕೊಟ್ಟು `x = vpa(1)` ಇಂದ ಶುರು ಮಾಡಿ. ರೂಟ್ ಕೂಡ `r = sqrt(vpa(2))` ಆಗಬೇಕು, ಇಲ್ಲದಿದ್ದರೆ 16 ಅಂಕಿಯ ರೂಟ್ ಜೊತೆ 200 ಅಂಕಿಯ ಉತ್ತರ ಹೋಲಿಸಿದ ಹಾಗಾಗುತ್ತದೆ. ಮೇಲಿನ 1e-13 ಕತ್ತರಿಯನ್ನೂ ಆಗ ತೆಗೆಯಬೇಕು.

ಈ ಪರೀಕ್ಷೆಯಲ್ಲಿ ನಿಮ್ಮ ಕೋಡ್ 2.26, 1.98, 2.00 ಕೊಟ್ಟರೆ ಲೂಪ್ ಸರಿಯಿದೆ, ತಪ್ಪು ನಿಮ್ಮ ಫಂಕ್ಷನ್‌ನಲ್ಲಿ, ಡೆರಿವೇಟಿವ್‌ನಲ್ಲಿ, ಇಲ್ಲವೇ ಹೋಲಿಕೆಗೆ ಇಟ್ಟುಕೊಂಡ ರೂಟ್‌ನಲ್ಲಿದೆ. ಕೊಡದಿದ್ದರೆ ಲೂಪೇ ಕೆಟ್ಟಿದೆ, ಅಲ್ಲಿಂದಲೇ ಶುರು ಮಾಡಿ.

ಎರರ್ 1e-5 ಹತ್ತಿರ ಬಂದು ನಿಂತುಬಿಟ್ಟಿದೆ

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದು. ಕಮಾಂಡ್ ವಿಂಡೋದಲ್ಲಿ ರೂಟ್ 1.4142 ಅಂತ ಕಾಣಿಸುತ್ತದೆ, ಅದನ್ನೇ ನೋಡಿ `r = 1.4142` ಅಂತ ಕೋಡ್‌ಗೆ ಬರೆದುಬಿಡುತ್ತಾರೆ. ಅದು `format short` ತೋರಿಸುವ ರೂಪ ಮಾತ್ರ, ಒಳಗಿರುವ ಸಂಖ್ಯೆ ಅದಲ್ಲ.

ಇದರಿಂದ ಏನಾಗುತ್ತದೆ ನೋಡಿ. ಮೇಲಿನದೇ ಕೋಡ್, `r` ಮಾತ್ರ 1.4142. ಎರರ್‌ಗಳು 0.4142, 0.0858, 0.00247, 1.57e-5, 1.36e-5, 1.36e-5, 1.36e-5 ಆಗುತ್ತವೆ. `p` 2.25, 1.43, 0.03 ಅಂತ ಕುಸಿಯುತ್ತದೆ. ನ್ಯೂಟನ್ ತನ್ನ ಕೆಲಸ ಸರಿಯಾಗೇ ಮಾಡಿದೆ, ನಿಜವಾದ ರೂಟ್‌ಗೆ ಸೇರಿದೆ. ನೀವು ಅಳೆಯುತ್ತಿರುವುದು ಮಾತ್ರ ನಿಜವಾದ ರೂಟ್‌ಗೂ 1.4142ಗೂ ನಡುವಿನ ದೂರ. ಅದು 1.36e-5, ಅದು ಬದಲಾಗುವುದಿಲ್ಲ. ಗ್ರಾಫ್‌ನಲ್ಲಿ ಗೆರೆ ಚೆನ್ನಾಗಿ ಇಳಿದು ಬಂದು ಥಟ್ಟನೆ ಸಪಾಟಾಗುತ್ತದೆ. ಸಪಾಟಾದ ಮಟ್ಟ 1e-16 ಆಸುಪಾಸು ಇದ್ದರೆ ಅದು ಡಬಲ್ ಪ್ರಿಸಿಷನ್ ಮಿತಿ, ಚಿಂತೆಯಿಲ್ಲ. 1e-5, 1e-7 ಅಂತ ಇದ್ದರೆ ಮೊದಲು `r` ಅನ್ನೇ ಅನುಮಾನಿಸಿ. ಮೂರೂ ವಿಧಾನಗಳ ಗೆರೆಗಳು ಒಂದೇ ಎತ್ತರದಲ್ಲಿ ಸಪಾಟಾದರೆ ಅನುಮಾನವೂ ಬೇಡ, ಅದೇ.

ರೂಟ್‌ಗೆ ಸೂತ್ರವಿಲ್ಲದ ಫಂಕ್ಷನ್ ಆದರೆ `r = fzero(f, [a b])` ಅಂತ ಪಡೆದು ಆ ವೇರಿಯೇಬಲನ್ನೇ ನೇರ ಬಳಸಿ, ಕೈಯಲ್ಲಿ ಟೈಪ್ ಮಾಡಬೇಡಿ. `fzero` ತಾನಾಗಿಯೇ `eps` ಮಟ್ಟದ ಟಾಲರೆನ್ಸ್ ಇಟ್ಟುಕೊಳ್ಳುತ್ತದೆ, ಹಾಗಾಗಿ ಸರಳ ರೂಟ್‌ಗೆ ಇದು ಸಾಕು. ಪ್ರತಿ ವಿಧಾನಕ್ಕೂ ಅದರದೇ ಕೊನೆಯ ಬೆಲೆಯನ್ನು ರೂಟ್ ಅಂತ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಕೊನೆಯ ಎರರ್ ಸುಳ್ಳು ಸೊನ್ನೆಯಾಗುತ್ತದೆ. ಬೈಸೆಕ್ಷನ್‌ನಂಥ ನಿಧಾನದ ವಿಧಾನದಲ್ಲಂತೂ ಕೊನೆಯ ನಾಲ್ಕೈದು ಅಂಕಿಗಳೂ ಕೆಡುತ್ತವೆ.

ಇನ್ನೊಂದು ಬಗೆಯ ಸಪಾಟು ಇದೆ. ಗೆರೆ ಕೆಳಗೆ ಹೋಗಿ, ಮತ್ತೆ ಮೇಲಕ್ಕೆ ಹಾರಿ, 1.41ರಲ್ಲಿ ಕೊನೆಯವರೆಗೂ ಅಡ್ಡ ಸಾಗುತ್ತದೆ. `x = zeros(1,50)` ಅಂತ ಜಾಗ ಮಾಡಿಕೊಂಡು, ಲೂಪ್ ಮಧ್ಯದಲ್ಲೇ `break` ಆದಾಗ ಹೀಗಾಗುತ್ತದೆ. ಉಳಿದ ಜಾಗದಲ್ಲಿ ಸೊನ್ನೆಗಳೇ ಇರುತ್ತವೆ, ಅವುಗಳ ಎರರ್ `abs(0 - r)`, ಅಂದರೆ ರೂಟ್‌ನ ಬೆಲೆಯೇ. ಲೂಪ್ ಮುಗಿದ ಮೇಲೆ `x = x(1:k+1)` ಅಂತ ಕತ್ತರಿಸಿ. ಶುರುವಿನ ಬೆಲೆ `x(1)`ರಲ್ಲಿ ಇರುವುದರಿಂದ `k` ಸುತ್ತಿಗೆ `k+1` ಬೆಲೆಗಳು, ಇದು ತಪ್ಪಬಾರದು.

ಶುರುವಿನಿಂದ ಕೊನೆವರೆಗೂ ಆರ್ಡರ್ 1

ಸಪಾಟಿಲ್ಲ, ಹಾರಿಕೆ ಇಲ್ಲ, `semilogy` ಗ್ರಾಫ್‌ನಲ್ಲಿ ನ್ಯೂಟನ್ ಗೆರೆ ನೇರವಾಗಿ ಇಳಿಯುತ್ತಿದೆ. ಆರ್ಡರ್ 2 ಇದ್ದರೆ ಗೆರೆ ಕೆಳಗೆ ಬಾಗುತ್ತಾ ಹೋಗಬೇಕು, ನೇರ ಇದ್ದರೆ ಲೀನಿಯರ್ ಅಂತಲೇ ಅರ್ಥ. ಸಾಮಾನ್ಯವಾಗಿ ಇದಕ್ಕೆ ಎರಡು ಕಾರಣ: ಡೆರಿವೇಟಿವ್ ತಪ್ಪಾಗಿದೆ, ಅಥವಾ ರೂಟ್ ಎರಡು ಸಲ ಬರುವಂಥದ್ದು. ಎರಡನ್ನೂ ಬೇರ್ಪಡಿಸಲು ಒಂದೇ ಅಳತೆ ಸಾಕು. `p` ಪಕ್ಕಕ್ಕಿಟ್ಟು ಅನುಪಾತ ನೋಡಿ:

```matlab
q = e(2:end)./e(1:end-1)
```

ಡೆರಿವೇಟಿವ್ ತಪ್ಪಾದರೂ ನ್ಯೂಟನ್ ಸರಿ ರೂಟ್‌ಗೇ ಸೇರಬಹುದು, ಬಹಳ ಜನರಿಗೆ ಇದು ಹೊಳೆಯುವುದೇ ಇಲ್ಲ. ಸೂತ್ರ ನೋಡಿ: `f(x)` ಸೊನ್ನೆಯಾದರೆ ಹೆಜ್ಜೆ ಸೊನ್ನೆ, ಕೆಳಗೆ ಏನೇ ಇರಲಿ. ಹಾಗಾಗಿ ಉತ್ತರ ನೋಡಿ ಡೆರಿವೇಟಿವ್ ಸರಿಯಿದೆ ಅಂತ ಹೇಳಲಾಗದು.

`x^3 - 2*x - 5` ತೆಗೆದುಕೊಳ್ಳಿ, ರೂಟ್ 2.0945514815. ಡೆರಿವೇಟಿವ್ `3*x^2 - 2`. ಟೈಪ್ ಮಾಡುವಾಗ ಕೊನೆಯ `- 2` ಬಿಟ್ಟುಹೋಗಿ `3*x^2` ಆಗಿದೆ ಅಂದುಕೊಳ್ಳಿ. ರೂಟ್ ಹತ್ತಿರ ಎರರ್ ಪ್ರತಿ ಸುತ್ತಿಗೆ `1 - f'(r)/d(r)` ಪಟ್ಟು ಆಗುತ್ತದೆ, ಇಲ್ಲಿ `d` ಅಂದರೆ ನೀವು ಟೈಪ್ ಮಾಡಿದ ತಪ್ಪು ಡೆರಿವೇಟಿವ್. ನಿಜವಾದದ್ದು 11.161, ಟೈಪ್ ಆಗಿದ್ದು 13.161. ಅನುಪಾತ 2/13.161, ಅಂದರೆ 0.152. `q` ಪಟ್ಟಿಯಲ್ಲಿ 0.152, 0.152 ಅಂತ ಸಾಲಾಗಿ ಬರುತ್ತದೆ. ಉತ್ತರ ಹತ್ತು ದಶಮಾಂಶಕ್ಕೂ ಸರಿ, ಆದರೆ ಆರ್ಡರ್ 1.

ಪತ್ತೆ ಮಾಡುವುದು ಸುಲಭ. ರೂಟ್ ಅಲ್ಲದ ಯಾವುದಾದರೂ ಬಿಂದುವಿನಲ್ಲಿ ಸೆಂಟ್ರಲ್ ಡಿಫರೆನ್ಸ್ ಜೊತೆ ಹೋಲಿಸಿ:

```matlab
h = 1e-5;  t = 2;
[fp(t), (f(t+h) - f(t-h))/(2*h)]
```

ಮೇಲಿನ ಉದಾಹರಣೆಯಲ್ಲಿ ಇದು 12 ಮತ್ತು 10 ತೋರಿಸುತ್ತದೆ. ಅಷ್ಟೇ, ಸಿಕ್ಕಿಬಿತ್ತು. `h` ಅನ್ನು 1e-12 ಅಂತ ಇನ್ನೂ ಸಣ್ಣದು ಮಾಡಲು ಹೋಗಬೇಡಿ, ಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯುವಾಗ ಅಂಕಿಗಳು ಕಳೆದುಹೋಗಿ ಹೋಲಿಕೆಯೇ ನಂಬಲಾಗದ್ದಾಗುತ್ತದೆ.

ಇದೇ ಜಾತಿಯ ಇನ್ನೊಂದು ತಪ್ಪು, `fp` ಸರಿಯಿದ್ದರೂ ಅದರ ಬೆಲೆಯನ್ನು ಲೂಪ್ ಹೊರಗೆ ಒಂದೇ ಸಲ ಲೆಕ್ಕ ಹಾಕಿ ಇಟ್ಟುಕೊಂಡಿರುವುದು. ಆಗ ಪ್ರತಿ ಸುತ್ತಿನಲ್ಲೂ ಶುರುವಿನ ಬಿಂದುವಿನ ಇಳಿಜಾರನ್ನೇ ಬಳಸಿದಂತಾಗುತ್ತದೆ. ಇದೇ ಫಂಕ್ಷನ್‌ಗೆ 2ರಿಂದ ಶುರು ಮಾಡಿದರೆ `d` ಯಾವಾಗಲೂ 10, ಅನುಪಾತ 1 - 1.116, ಅಂದರೆ -0.116. ಮೈನಸ್ ಇದೆ ಅಂದರೆ `x` ಒಮ್ಮೆ ರೂಟ್‌ನ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ. `abs` ಹಾಕಿದ ಎರರ್‌ನಲ್ಲಿ ಇದು ಕಾಣುವುದಿಲ್ಲ, ಆದ್ದರಿಂದ ಒಂದು ಸಲ `x - r` ಅನ್ನು `abs` ಇಲ್ಲದೆ ಪ್ರಿಂಟ್ ಮಾಡಿ ನೋಡಿ. ಮೇಲಿನ ಸೆಂಟ್ರಲ್ ಡಿಫರೆನ್ಸ್ ಪರೀಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ, `fp` ಸರಿಯೇ ಇದೆಯಲ್ಲ. ಲೂಪ್ ಒಳಗೆ ಕಣ್ಣಾಡಿಸಲೇಬೇಕು.

ಅನುಪಾತ 0.5ರ ಕಡೆಗೆ ಹೋಗುತ್ತಿದೆ

ಡೆರಿವೇಟಿವ್ ಪರೀಕ್ಷೆ ಪಾಸಾಯಿತು, ಆದರೂ ಲೀನಿಯರ್. ಈಗ `q` ಯಾವ ಸಂಖ್ಯೆಗೆ ಹೋಗುತ್ತಿದೆ ನೋಡಿ. 0.5 ಆದರೆ ಡಬಲ್ ರೂಟ್. ಮೂರು ಸಲ ಬರುವ ರೂಟ್ ಆದರೆ 0.667. ಸೂತ್ರ `1 - 1/m`, ಇಲ್ಲಿ `m` ಅಂದರೆ ರೂಟ್ ಎಷ್ಟು ಸಲ ಬರುತ್ತದೆ ಅನ್ನುವುದು. ಎಷ್ಟೋ ಅಸೈನ್‌ಮೆಂಟ್‌ಗಳಲ್ಲಿ ಇಂಥ ಫಂಕ್ಷನ್ ಬೇಕಂತಲೇ ಕೊಟ್ಟಿರುತ್ತಾರೆ, ಆಗ ಆರ್ಡರ್ 1 ಅನ್ನುವುದೇ ಸರಿ ಉತ್ತರ. ಅದನ್ನು ತಪ್ಪು ಅಂತ ತಿದ್ದಲು ಹೋಗಿ ರಾತ್ರಿಯೆಲ್ಲ ಕೂರಬೇಡಿ.

`x^3 - 3*x + 2` ನೋಡಿ. ಇದು `(x-1)^2*(x+2)`, ಅಂದರೆ 1 ಡಬಲ್ ರೂಟ್. 2ರಿಂದ ಶುರು ಮಾಡಿದರೆ ಎರರ್ 1, 0.5556, 0.2979, 0.1554, 0.0796, 0.0403. ಅನುಪಾತಗಳು 0.556, 0.536, 0.522, 0.512, 0.506. ನಿಧಾನವಾಗಿ ಅರ್ಧಕ್ಕೆ ಇಳಿಯುತ್ತಿವೆ. ಕಾರಣ ಇಷ್ಟೇ: ರೂಟ್ ಹತ್ತಿರ `f` ಮಾತ್ರವಲ್ಲ, `fp` ಕೂಡ ಸೊನ್ನೆಯ ಕಡೆ ಹೋಗುತ್ತದೆ, ಹೆಜ್ಜೆ ಇಡಬೇಕಾದ ದೂರದ ಅರ್ಧ ಮಾತ್ರ ಇಡುತ್ತದೆ. ಅನುಮಾನವಿದ್ದರೆ ಕೊನೆಯ `x`ನಲ್ಲಿ `fp` ಪ್ರಿಂಟ್ ಮಾಡಿ. 0.001, 0.0001 ಅಂತ ಕುಗ್ಗುತ್ತಾ ಹೋದರೆ ಸಂಶಯ ಬೇಡ.

ಹೆಜ್ಜೆ ಅರ್ಧ ಬೀಳುತ್ತಿದ್ದರೆ ಎರಡು ಪಟ್ಟು ಮಾಡಿದರಾಯಿತು: `x - 2*f(x)/fp(x)`. ಇದೇ ಫಂಕ್ಷನ್‌ಗೆ ಎರರ್ 1, 0.111, 0.00195, 6.33e-7 ಅಂತ ಧುಮುಕುತ್ತದೆ, ಆರ್ಡರ್ 2 ವಾಪಸ್ ಬಂತು. ರಿಪೋರ್ಟ್‌ನಲ್ಲಿ ಎರಡೂ ಗೆರೆಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿದರೆ ಪರೀಕ್ಷಕರಿಗೆ ನೀವು ಕಾರಣ ಹಿಡಿದಿದ್ದೀರಿ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇಲ್ಲಿ ಎರಡು ವಿಷಯಗಳಲ್ಲಿ ಹುಷಾರಾಗಿರಿ. ಮೊದಲನೆಯದು, ಡಬಲ್ ರೂಟ್‌ನಲ್ಲಿ 1e-16ವರೆಗೆ ಹೋಗುತ್ತೇನೆ ಅಂದುಕೊಳ್ಳಬೇಡಿ. ರೂಟ್ ಹತ್ತಿರ `f` ಸುಮಾರು `3*e^2`. ಎರರ್ 1e-8 ಆದಾಗ `f` 3e-16 ಆಗುತ್ತದೆ, `x^3 - 3*x + 2` ಲೆಕ್ಕ ಹಾಕುವಾಗಿನ ರೌಂಡಿಂಗ್ ಕೂಡ ಅಷ್ಟೇ ದೊಡ್ಡದು. ಅಲ್ಲಿಂದ ಕೆಳಗೆ `f` ಅಂತ ಬರುವುದು ಬರೀ ಗದ್ದಲ. ಅದನ್ನು ಸೊನ್ನೆಯ ಕಡೆ ಕುಗ್ಗುತ್ತಿರುವ `fp`ನಿಂದ ಭಾಗಿಸಿದಾಗ `x` ಹಿಂದಕ್ಕೆ ದೂರ ಹಾರಬಹುದು, `NaN` ಕೂಡ ಆಗಬಹುದು. ಮೇಲೆ ಹೇಳಿದ 1e-13 ಕತ್ತರಿಯನ್ನು ಇಲ್ಲಿ 1e-6 ಮಾಡಿ, ಮೊದಲ ಸಲ ಅದಕ್ಕಿಂತ ಕೆಳಗೆ ಹೋದಲ್ಲೇ ಪಟ್ಟಿ ನಿಲ್ಲಿಸಿ. ಎರಡು ಪಟ್ಟು ಹೆಜ್ಜೆಯ 6.33e-7 ಆಗ ಲೆಕ್ಕದಿಂದ ಹೊರಗೆ ಹೋಗುತ್ತದೆ, ಬೇಕಿದ್ದರೆ ಅದೊಂದನ್ನು ಕೈಯಾರೆ ಸೇರಿಸಿಕೊಳ್ಳಿ.

ಎರಡನೆಯದು ನಿಲ್ಲಿಸುವ ನಿಯಮ. `abs(f(x)) < 1e-10` ಆದರೆ ನಿಲ್ಲು ಅಂತ ಬರೆದಿದ್ದರೆ, ಇಲ್ಲಿ ಎರರ್ ಸುಮಾರು 5.8e-6 ಇದ್ದಾಗಲೇ ಲೂಪ್ ನಿಲ್ಲುತ್ತದೆ. ಸರಳ ರೂಟ್‌ಗೆ ಅದೇ ನಿಯಮ 1e-11 ಆಸುಪಾಸಿಗೆ ತಲುಪಿಸುತ್ತದೆ. ಎರಡರ ಇಟರೇಷನ್ ಎಣಿಸಿ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಹೋಲಿಕೆಗೆ ನಿಂತಾಗ ನಿಲ್ಲಿಸುವ ನಿಯಮವನ್ನೇ ತೆಗೆದು, ಎಲ್ಲ ವಿಧಾನಗಳನ್ನೂ ಸುತ್ತು ಲೆಕ್ಕದಲ್ಲಿ ಓಡಿಸಿ, ಆಮೇಲೆ ಎರರ್ ಪಟ್ಟಿಯಿಂದ ಬೇಕಾದ್ದು ಆರಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಡಬಲ್ ರೂಟ್‌ನಲ್ಲಿ ಬೈಸೆಕ್ಷನ್ ಕೆಲಸಕ್ಕೇ ಬರುವುದಿಲ್ಲ, ಏಕೆಂದರೆ 1ರ ಎರಡೂ ಕಡೆ ಫಂಕ್ಷನ್ ಪಾಸಿಟಿವ್, ಚಿಹ್ನೆ ಬದಲಾಗುವುದೇ ಇಲ್ಲ. `fzero` ಕೂಡ ಚಿಹ್ನೆ ಬದಲಾಗುವ ಜಾಗವನ್ನೇ ಹುಡುಕುವುದರಿಂದ -2 ಕಡೆ ಹೋಗುತ್ತದೆ. ಹಾಗಾಗಿ ಇಲ್ಲಿ `r` ಪಡೆಯಲು ಅದನ್ನು ನೆಚ್ಚಬೇಡಿ.

ನ್ಯೂಟನ್ ಸರಿ, ಬೈಸೆಕ್ಷನ್ ಮತ್ತು ಸೆಕೆಂಟ್ ಅಂಕಿಗಳು ವಿಚಿತ್ರ

ಬೈಸೆಕ್ಷನ್‌ಗೆ ಅದೇ `p` ಸೂತ್ರ ಹಾಕಿದರೆ -0.82 ಥರದ ಅಂಕಿ ಬರುತ್ತದೆ, ಜನ ಹೆದರುತ್ತಾರೆ. `x^2 - 2` ಅನ್ನು 1ರಿಂದ 2ರವರೆಗಿನ ಅಂತರದಲ್ಲಿ ಓಡಿಸಿ. ಆರನೇ ಮಧ್ಯಬಿಂದು 1.421875, ಎರರ್ 0.0077. ಏಳನೆಯದು 1.4140625, ಎರರ್ 0.00015. ಎಂಟನೆಯದು 1.41796875, ಎರರ್ 0.0038. ಇಪ್ಪತ್ತೈದು ಪಟ್ಟು ಹೆಚ್ಚಾಯಿತು! ತಪ್ಪೇನೂ ಇಲ್ಲ, ಏಳನೇ ಬಿಂದು ಆಕಸ್ಮಿಕವಾಗಿ ರೂಟ್ ಪಕ್ಕದಲ್ಲೇ ಬಿತ್ತು ಅಷ್ಟೇ. ಬೈಸೆಕ್ಷನ್ ಭರವಸೆ ಕೊಡುವುದು ಅಂತರದ ಅಗಲಕ್ಕೆ, ಮಧ್ಯಬಿಂದುವಿನ ಎರರ್‌ಗಲ್ಲ. ಪ್ರತಿ ಸುತ್ತಿನ `b - a` ಕೂಡಿಟ್ಟು ಅದನ್ನೇ ಗ್ರಾಫ್‌ಗೆ ಹಾಕಿ. ಅನುಪಾತ ಸರಿಯಾಗಿ 0.5 ಬರುತ್ತದೆ, `p` 1.

ಸೆಕೆಂಟ್‌ಗೆ 1.618 ಬರಬೇಕು. 1 ಮತ್ತು 2ರಿಂದ ಶುರು ಮಾಡಿದರೆ ಎರರ್ 0.0809, 0.0142, 4.21e-4, 2.12e-6, 3.16e-10. `p` 2.02, 1.50, 1.67. ಹೀಗೆ ಮೇಲೆ ಕೆಳಗೆ ಆಗುತ್ತಾ 1.618 ಸುತ್ತ ತೂಗುವುದು ಸೆಕೆಂಟ್‌ನ ಗುಣ, ಕೋಡ್ ತಪ್ಪಲ್ಲ. ಒಂದೇ ಅಂಕಿ ಹಿಡಿದು 1.67 ಬಂತು ಅಂತ ಬರೆಯುವ ಬದಲು ಎಲ್ಲವನ್ನೂ ಪಟ್ಟಿಯಲ್ಲಿ ಕೊಡಿ. ಅದರ ಮುಂದೆ `NaN` ಬಂದರೆ ಕಾರಣ ಇದು: ಎರಡು `x`ಗಳೂ ಒಂದೇ ಆಗಿ, ಛೇದದ `f(x1) - f(x0)` ಸೊನ್ನೆಯಾಗುತ್ತದೆ. ಭಾಗಿಸುವ ಮುಂಚೆ ಅದು ಸೊನ್ನೆಯಾದರೆ `break` ಹಾಕಿ. ಅಂದ ಹಾಗೆ, ಸೆಕೆಂಟ್ ಕೂಡ ಡಬಲ್ ರೂಟ್‌ನಲ್ಲಿ ಲೀನಿಯರ್ ಆಗುತ್ತದೆ, ಅನುಪಾತ 0.618. ಅದನ್ನು ಆರ್ಡರ್ ಜೊತೆ ಕಲಸಿಕೊಳ್ಳಬೇಡಿ.

ಕೊನೆಗೆ ಗ್ರಾಫ್‌ನ ಅಡ್ಡ ಅಕ್ಷ. ಇಟರೇಷನ್ ಸಂಖ್ಯೆ ಹಾಕಿದರೆ ನ್ಯೂಟನ್ ಗೆಲ್ಲುತ್ತದೆ. ಆದರೆ ನ್ಯೂಟನ್ ಪ್ರತಿ ಸುತ್ತಿಗೆ `f` ಮತ್ತು `fp` ಎರಡನ್ನೂ ಕರೆಯುತ್ತದೆ, ಸೆಕೆಂಟ್ ಹಳೆಯ ಬೆಲೆ ಉಳಿಸಿಕೊಂಡರೆ ಒಂದೇ ಸಲ ಕರೆಯುತ್ತದೆ. ಸೆಕೆಂಟ್‌ನ ಎರಡು ಸುತ್ತು ಸೇರಿಸಿದರೆ ಆರ್ಡರ್ 1.618ರ ವರ್ಗ, ಅಂದರೆ 2.618, ಅದು 2ಕ್ಕಿಂತ ಜಾಸ್ತಿ. ಫಂಕ್ಷನ್ ಕರೆಗಳನ್ನು ಅಡ್ಡ ಅಕ್ಷಕ್ಕೆ ಹಾಕಿದಾಗ ಸೆಕೆಂಟ್ ಮುಂದೆ ಹೋಗಿ, ನಿಮ್ಮ ಮೊದಲ ಗ್ರಾಫ್‌ಗೆ ಉಲ್ಟಾ ಕಂಡರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಯಾವ ಅಕ್ಷ ಹಾಕಿದ್ದೀರಿ ಅಂತ `xlabel`ನಲ್ಲಿ ಸ್ಪಷ್ಟವಾಗಿ ಬರೆಯಿರಿ, ಸೆಕೆಂಟ್ ಕೋಡ್ ನಿಜಕ್ಕೂ ಪ್ರತಿ ಸುತ್ತಿಗೆ `f` ಒಂದೇ ಸಲ ಕರೆಯುತ್ತಿದೆಯಾ ಅಂತ ಮಾತ್ರ ನೋಡಿಕೊಳ್ಳಿ.